ತಾರಸಿಯ ಮೇಲೆ ಹತ್ತು ಚೀಲ

ತಾರಸಿಯಲ್ಲಿ ತರಕಾರಿ ಬೆಳೆಯಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಬೀಜವನ್ನು. ಯಾವ ತಳಿ, ಎಲ್ಲಿ ಸಿಗುತ್ತದೆ, ಯಾವ ತಿಂಗಳಲ್ಲಿ ಹಾಕಬೇಕು ಎಂದೆಲ್ಲ ಕೇಳುತ್ತಾರೆ. ಆದರೆ ಗಿಡ ಚೆನ್ನಾಗಿ ಬರುತ್ತದೋ ಇಲ್ಲವೋ ಎನ್ನುವುದು ಬೀಜ ಬೀಳುವ ಮುಂಚೆಯೇ, ಚೀಲಕ್ಕೆ ಏನು ತುಂಬಿದೆವು ಎನ್ನುವಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಬೆಂಗಳೂರಿನಲ್ಲಿ ಹೊಸಬರು ಸಾಮಾನ್ಯವಾಗಿ ಮಾಡುವುದೇನೆಂದರೆ, ಹತ್ತಿರದಲ್ಲಿ ಮನೆ ಕಟ್ಟುತ್ತಿರುವ ಕಡೆಯಿಂದ ಎರಡು ಚೀಲ ಕೆಂಪು ಮಣ್ಣು ತರಿಸಿ, ಮೇಲೆ ಒಂದಿಷ್ಟು ಗೊಬ್ಬರ ಉದುರಿಸಿ ಸಸಿ ನೆಡುವುದು. ಸಸಿ ಮೊದಲ ಮೂರು ವಾರ ನಳನಳಿಸುತ್ತದೆ. ಆಮೇಲೆ ಬೆಳವಣಿಗೆ ನಿಂತುಹೋಗುತ್ತದೆ. ಹಾಕಿದ ನೀರು ಮೇಲೆಯೇ ನಿಲ್ಲುತ್ತದೆ, ಮಣ್ಣಿಗೆ ಬೆರಳು ಇಳಿಯುವುದಿಲ್ಲ, ಎಲೆ ಹಳದಿಯಾಗುತ್ತದೆ. ರೋಗ ಬಂತೆಂದು ಔಷಧ ಹುಡುಕುತ್ತಾರೆ. ರೋಗವೇನೂ ಇರುವುದಿಲ್ಲ, ಬೇರಿಗೆ ಉಸಿರಾಡಲು ಗಾಳಿ ಸಿಕ್ಕಿರುವುದಿಲ್ಲ ಅಷ್ಟೆ.

ಹೊಲದಲ್ಲಿ ಚಿನ್ನದಂಥ ಬೆಳೆ ಕೊಡುವ ಅದೇ ಮಣ್ಣು ಚೀಲದಲ್ಲಿ ಯಾಕೆ ಹೀಗಾಗುತ್ತದೆ? ಹೊಲದಲ್ಲಿ ಬೇರಿನ ಕೆಳಗೂ ಮಣ್ಣು ಅಡಿಗಟ್ಟಲೆ ಮುಂದುವರಿದಿರುತ್ತದೆ. ಮೇಲೆ ಬಿದ್ದ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತಲೇ ಹೋಗುತ್ತದೆ. ಎರೆಹುಳು, ಇರುವೆ, ಹಳೆಯ ಬೇರುಗಳು ಕೊರೆದ ದಾರಿಗಳೂ ಇರುತ್ತವೆ. ಚೀಲದಲ್ಲಿ ಮಣ್ಣು ಒಂದು ಅಡಿಗೆ ಮುಗಿದುಹೋಗುತ್ತದೆ, ಅದರಾಚೆ ನೀರನ್ನು ಎಳೆಯುವವರು ಯಾರೂ ಇಲ್ಲ. ಹೀಗಾಗಿ ತಳದ ಕೆಲವು ಇಂಚು ಮಣ್ಣು ನೀರನ್ನು ಹಿಡಿದುಕೊಂಡೇ ಇರುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಅಡುಗೆಮನೆಯ ಸ್ಪಂಜು ಸಾಕು. ಅದನ್ನು ನೀರಲ್ಲಿ ನೆನೆಸಿ, ಅಡ್ಡಡ್ಡ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೂ ಕಾಯಿರಿ. ನಂತರ ಅದನ್ನೇ ಉದ್ದುದ್ದ ನಿಲ್ಲಿಸಿ ಹಿಡಿದರೆ ಮತ್ತೊಂದಷ್ಟು ನೀರು ಇಳಿಯುತ್ತದೆ. ಎತ್ತರ ಹೆಚ್ಚಿದಂತೆ ನೀರು ಹೆಚ್ಚು ಬಸಿಯುತ್ತದೆ, ಆದರೂ ತಳದ ಅಂಚು ಒದ್ದೆಯಾಗಿಯೇ ಉಳಿಯುತ್ತದೆ. ಚೀಲದೊಳಗೆ ನಡೆಯುವುದೂ ಇದೇ. ಮಣ್ಣಿನ ಕಣ ನುಣುಪಾದಷ್ಟೂ ಆ ಒದ್ದೆ ಪದರ ದಪ್ಪವಾಗುತ್ತದೆ, ಬೇರಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ.

ಇದೇ ಕಾರಣಕ್ಕೆ ಚೀಲದ ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರು ಹಾಕುವ ಪದ್ಧತಿಯಿಂದ ಪ್ರಯೋಜನವಿಲ್ಲ. ನುಣುಪು ಮಣ್ಣಿನಲ್ಲಿರುವ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ, ಅಂದರೆ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತು ಮುಚ್ಚದಿರಲಿ ಎಂದು ತೂತಿನ ಮೇಲೊಂದು ಒಣ ಎಲೆಯೋ ತೆಂಗಿನ ನಾರೋ ಇಟ್ಟರೆ ಸಾಕು. ಉಳಿದ ಜಾಗವನ್ನೆಲ್ಲ ಒಳ್ಳೆಯ ಮಿಶ್ರಣಕ್ಕೆ ಬಿಟ್ಟುಬಿಡಿ.

ಆ ಮಿಶ್ರಣ ಕಷ್ಟದ್ದಲ್ಲ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಕೊಪೀಟ್, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ತೂಕದ ಲೆಕ್ಕದಲ್ಲಲ್ಲ, ಬಕೆಟ್ಟಿನ ಲೆಕ್ಕದಲ್ಲಿ ಅಳೆಯಬೇಕು. ಮೂರಕ್ಕೂ ಬೇರೆ ಬೇರೆ ಕೆಲಸ. ಮಣ್ಣು ತೂಕ ಕೊಟ್ಟು ಗಿಡವನ್ನು ನಿಲ್ಲಿಸುತ್ತದೆ, ಖನಿಜಾಂಶ ಹಿಡಿದಿಡುತ್ತದೆ. ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್ ನೀರನ್ನೂ ಗಾಳಿಯನ್ನೂ ಒಟ್ಟಿಗೆ ಹಿಡಿದಿಡುತ್ತದೆ, ಆದರೆ ಅದರಲ್ಲಿ ಗಿಡಕ್ಕೆ ಬೇಕಾದ ಆಹಾರ ಹೆಚ್ಚೇನೂ ಇಲ್ಲ. ಆಹಾರ ಬರುವುದು ಗೊಬ್ಬರದಿಂದ. ಮಣ್ಣೇ ಬೇಡ, ಬರೀ ಕೊಕೊಪೀಟ್ ಮತ್ತು ಗೊಬ್ಬರ ಸಾಕು ಎನ್ನುವವರಿದ್ದಾರೆ. ಚೀಲ ಹಗುರವಾಗುವುದು ನಿಜ. ಆದರೆ ಅಂಥ ಮಿಶ್ರಣ ಬಿಸಿಲಿಗೆ ಬೇಗ ಒಣಗುತ್ತದೆ, ಆಹಾರವೂ ಬೇಗ ತೀರುತ್ತದೆ, ಮಾರುಗಟ್ಟಲೆ ಬೆಳೆದ ಬೆಂಡೆ ಗಾಳಿಗೆ ವಾಲುತ್ತದೆ. ಮೊದಲ ಸಲ ಮಾಡುವವರು ಮಣ್ಣಿನ ಪಾಲನ್ನು ಬಿಡದಿರುವುದೇ ಒಳ್ಳೆಯದೆಂದು ನಾನು ಹೇಳುತ್ತೇನೆ.

ಮೂರನ್ನೂ ತರುವಾಗ ಒಂದೊಂದು ವಿಷಯ ಗಮನಿಸಬೇಕು. ಪಾಯ ತೋಡಿದ ಮಣ್ಣು ಬೇಡ. ಅದು ಆಳದ ಮಣ್ಣು, ಸತ್ವವಿರುವುದಿಲ್ಲ, ಸಿಮೆಂಟಿನ ಚೂರೂ ಸೇರಿರುತ್ತದೆ. ತೋಟದ ಅಥವಾ ನರ್ಸರಿಯ ಮೇಲ್ಮಣ್ಣು ತನ್ನಿ. ಒಂದು ಹಿಡಿ ಮಣ್ಣನ್ನು ಒದ್ದೆ ಮಾಡಿ ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಬಿರಿದು ಉದುರಬೇಕು. ಚಕ್ಕುಲಿ ಹಿಟ್ಟಿನಂತೆ ಉದ್ದಕ್ಕೆ ಹೊಸೆಯಲು ಬಂದರೆ ಅದರಲ್ಲಿ ಜೇಡಿ ಜಾಸ್ತಿ. ಆಗ ಮಣ್ಣನ್ನು ಅರ್ಧ ಪಾಲಿಗೆ ಇಳಿಸಿ, ಉಳಿದರ್ಧಕ್ಕೆ ದಪ್ಪ ಮರಳು ಸೇರಿಸಿ. ಉತ್ತರ ಕರ್ನಾಟಕದ ಎರೆ ಮಣ್ಣಿಗೂ ಇದೇ ಮಾತು. ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುವುದರಿಂದ ಚೀಲದಲ್ಲಿ ಬೇರು ಹರಿಯುತ್ತದೆ.

ಕೊಕೊಪೀಟ್ ಒತ್ತಿದ ಇಟ್ಟಿಗೆಯ ರೂಪದಲ್ಲಿ ಬರುತ್ತದೆ. 5 ಕೆಜಿಯ ಒಂದು ಇಟ್ಟಿಗೆಯನ್ನು ದೊಡ್ಡ ಟಬ್ಬಿನಲ್ಲಿಟ್ಟು 20ರಿಂದ 25 ಲೀಟರ್ ನೀರು ಹಾಕಿದರೆ ಅರಳಿಕೊಂಡು ಸುಮಾರು 70 ಲೀಟರಿನಷ್ಟಾಗುತ್ತದೆ. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಉಪ್ಪಿನಂಶವಿದೆ. ತೊಳೆಯದ ಮಾಲು ಬಂದಿದ್ದರೆ ಆ ಉಪ್ಪು ಎಳೆಯ ಬೇರನ್ನು ಸುಡುತ್ತದೆ. ಲಕೋಟೆಯ ಮೇಲೆ ತೊಳೆದದ್ದೆಂದು ಬರೆದಿದ್ದರೂ, ಹಳೆಯ ಪಂಚೆಯಲ್ಲಿ ಕಟ್ಟಿ ಎರಡು ಸಲ ನೀರು ಹಾಯಿಸಿ ಹಿಂಡಿಬಿಡುವುದು ಕ್ಷೇಮ. ಸಸಿಯ ಎಲೆಗಳ ಅಂಚು ಮಾತ್ರ ಕಂದಾಗಿ ಒಣಗುತ್ತ, ನಡುವೆ ಹಸಿರಾಗಿಯೇ ಇದ್ದರೆ ಈ ಉಪ್ಪಿನ ಮೇಲೆ ಮೊದಲು ಅನುಮಾನಪಡಿ.

ಗೊಬ್ಬರದ ವಿಷಯದಲ್ಲಿ ಅವಸರ ಕೂಡದು. ಕಳಿತ ಗೊಬ್ಬರ ಕಪ್ಪಾಗಿರುತ್ತದೆ, ಪುಡಿಪುಡಿಯಾಗಿರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ರಾಶಿಯೊಳಗೆ ಕೈ ಹಾಕಿದಾಗ ಬೆಚ್ಚಗಿದ್ದರೆ, ಸಗಣಿಯ ವಾಸನೆ ಉಳಿದಿದ್ದರೆ ಅದು ಇನ್ನೂ ಬೇಯುತ್ತಿದೆ ಎಂದರ್ಥ. ಅದನ್ನು ಹಾಕಿದರೆ ಬೇರು ಬಾಡುತ್ತದೆ. ಜೊತೆಗೆ ಗೊಣ್ಣೆಹುಳುವಿನ ಮೊಟ್ಟೆಯೂ ತಾರಸಿಗೆ ಹತ್ತಿಬರುತ್ತದೆ. ದಪ್ಪಗೆ, ಬೆಳ್ಳಗೆ, ಅರ್ಧಚಂದ್ರದಂತೆ ಮುದುಡಿಕೊಳ್ಳುವ ಈ ಹುಳು ಮಣ್ಣಿನಡಿ ಬೇರನ್ನೇ ತಿನ್ನುತ್ತದೆ. ಗೊಬ್ಬರವನ್ನು ಒಮ್ಮೆ ಹರಡಿ ಕೈಯಾಡಿಸಿದರೆ ಕಣ್ಣಿಗೆ ಬೀಳುತ್ತದೆ, ಆರಿಸಿ ತೆಗೆಯಬಹುದು.

ಚೀಲ ಕೊಳ್ಳುವಲ್ಲೂ ಒಂದು ಎಡವಟ್ಟು ಕಾದಿರುತ್ತದೆ. 12 ಇಂಚು ಅಗಲ, 12 ಇಂಚು ಎತ್ತರ ಎಂದು ಎರಡು ಬಗೆಯ ಚೀಲ ಮಾರುತ್ತಾರೆ. ಹಿಡಿಕೆಯಿರುವ, ದುಂಡಗೆ ಹೊಲಿದ ದಪ್ಪ ಚೀಲದಲ್ಲಿ 12 ಎಂದರೆ ಅದರ ಬಾಯಿಯ ಅಡ್ಡಳತೆ. ಅದರಲ್ಲಿ ಸುಮಾರು 20 ಲೀಟರ್ ಮಿಶ್ರಣ ಹಿಡಿಯುತ್ತದೆ. ನರ್ಸರಿಗಳಲ್ಲಿ ಸಿಗುವ ತೆಳು ಪಾಲಿಥಿನ್ ಚೀಲದಲ್ಲಿ ಸಾಮಾನ್ಯವಾಗಿ 12 ಎಂದರೆ ಮಡಿಸಿಟ್ಟಾಗಿನ ಅಗಲ. ತುಂಬಿದ ಮೇಲೆ ಅದರ ಬಾಯಿ ಎಂಟು ಇಂಚೂ ಇರುವುದಿಲ್ಲ, ಹಿಡಿಯುವುದು ಅದರ ಮೂರನೇ ಒಂದು ಭಾಗದಷ್ಟು. ಒಂದು ಬದನೆ ಗಿಡಕ್ಕೆ ಅದು ಸಾಲದು. ಹಾಗಾಗಿ ಎಷ್ಟು ಲೀಟರ್ ಹಿಡಿಯುತ್ತದೆ ಎಂದೇ ಕೇಳಿ ತೆಗೆದುಕೊಳ್ಳಿ. ಬಣ್ಣದಲ್ಲಿ ಕಪ್ಪಿಗಿಂತ ತಿಳಿಬಣ್ಣ ವಾಸಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಚೀಲದ ಪಕ್ಕ ಮುಟ್ಟಲಾಗದಷ್ಟು ಕಾಯುತ್ತದೆ, ಅಂಚಿನ ಬೇರುಗಳು ಬೆಂದುಹೋಗುತ್ತವೆ.

ಈಗ ಒಂದು ಸಣ್ಣ ಮನೆಯ ಲೆಕ್ಕ ಹಾಕೋಣ. ಹತ್ತು ಚೀಲಗಳಿಂದ ಶುರು ಮಾಡುವುದೆಂದಿಟ್ಟುಕೊಳ್ಳಿ. ಎಂಟು ಚೀಲ 12 ಇಂಚು ಅಡ್ಡಳತೆ, 12 ಇಂಚು ಎತ್ತರದವು. ಎರಡು ಚೀಲ ಸೊಪ್ಪಿಗಾಗಿ, 18 ಇಂಚು ಅಡ್ಡಳತೆ, 9 ಇಂಚು ಎತ್ತರದವು. ಬಾಯಿಯಿಂದ ಒಂದೆರಡು ಇಂಚು ನೀರಿಗೆ ಬಿಟ್ಟು ತುಂಬಿದರೆ ಮೊದಲಿನವಕ್ಕೆ ತಲಾ 20 ಲೀಟರ್, ಸೊಪ್ಪಿನವಕ್ಕೆ ತಲಾ 30 ಲೀಟರ್, ಒಟ್ಟು 220 ಲೀಟರ್ ಮಿಶ್ರಣ ಬೇಕು. ಮೂರು ಪದಾರ್ಥ ಬೆರೆಸಿದಾಗ ಸಣ್ಣ ಕಣಗಳು ದೊಡ್ಡವುಗಳ ಸಂದಿಗೆ ಇಳಿದು ಮೊತ್ತ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಒಂದೊಂದೂ 75ರಿಂದ 80 ಲೀಟರಿನಷ್ಟಿರಲಿ. ಅಂದರೆ 5 ಕೆಜಿಯ ಕೊಕೊಪೀಟ್ ಇಟ್ಟಿಗೆ ಒಂದು, 50 ಕೆಜಿಯ ಎರೆಗೊಬ್ಬರದ ಮೂಟೆ ಒಂದು, 20 ಲೀಟರಿನ ಪೇಂಟ್ ಡಬ್ಬದಲ್ಲಿ ನಾಲ್ಕು ಡಬ್ಬ ಮಣ್ಣು. ಇದಕ್ಕೆ ಒಂದು ಕೆಜಿ ಬೇವಿನ ಹಿಂಡಿ ಸೇರಿಸಿ. ಅದು ಗೊಬ್ಬರವೂ ಹೌದು, ಮಣ್ಣಿನ ಹುಳುಗಳನ್ನು ತಕ್ಕಮಟ್ಟಿಗೆ ದೂರವಿಡುವುದೂ ಹೌದು.

ತಾರಸಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೂರನ್ನೂ ಸುರಿದು, ಗುದ್ದಲಿಯಿಂದಲೋ ಕೈಯಿಂದಲೋ ಮಗುಚಿ ಬೆರೆಸಿ. ಹಿಡಿಯಲ್ಲಿ ಒತ್ತಿದರೆ ಮುದ್ದೆಯಾಗಿ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಚೀಲಕ್ಕೆ ತುಂಬುವಾಗ ಮುಷ್ಟಿಯಿಂದ ಒತ್ತಬೇಡಿ, ಚೀಲವನ್ನು ಎರಡು ಸಲ ನೆಲಕ್ಕೆ ಕುಕ್ಕಿದರೆ ಸಾಕು. ಆಮೇಲೆ ಪರೀಕ್ಷೆ. ಒಂದು ಚೊಂಬು ನೀರನ್ನು ನಿಧಾನವಾಗಿ ಹಾಕಿ. ಒಂದು ನಿಮಿಷದೊಳಗೆ ಮೇಲಿನ ನೀರು ಮಾಯವಾಗಬೇಕು. ಮತ್ತೂ ಒಂದೆರಡು ಚೊಂಬು ಹಾಕಿದ ಮೇಲೆ ತಳದಿಂದ ಹನಿಯಬೇಕು. ಮೇಲೆಯೇ ಕೆರೆ ಕಟ್ಟಿ ನಿಂತರೆ ಜೇಡಿ ಹೆಚ್ಚಾಗಿದೆ, ಕೊಕೊಪೀಟ್ ಸೇರಿಸಿ ಮತ್ತೆ ಬೆರೆಸಿ. ಹಾಕಿದ ತಕ್ಷಣವೇ ಪಕ್ಕದಿಂದ ಸರ್ರನೆ ಇಳಿದುಹೋದರೆ ಕೊಕೊಪೀಟ್ ಒಣಗಿದೆ, ಪೂರ್ತಿ ನೆನೆದಿಲ್ಲ ಎಂದರ್ಥ. ಬೀಜ ಹಾಕುವ ಮುಂಚೆ ಈ ಪರೀಕ್ಷೆ ಮುಗಿದಿರಬೇಕು. ಗಿಡ ಬಂದ ಮೇಲೆ ಮಣ್ಣು ಸರಿಪಡಿಸುವುದು ಆಗದ ಮಾತು. ಹೀಗೆ ತುಂಬಿದ ಚೀಲಗಳಿಗೆ ದಿನಾ ಒಂದಿಷ್ಟು ನೀರು ಚಿಮುಕಿಸುತ್ತ ಒಂದು ವಾರ, ಹತ್ತು ದಿನ ಬಿಡಿ. ಹಿಂಡಿ ಕಳಿಯಲು ಅಷ್ಟು ಸಮಯ ಬೇಕು.

ಮನೆಯವರು ಕೇಳುವ ಇನ್ನೊಂದು ಪ್ರಶ್ನೆ ತೂಕದ್ದು, ಅದು ನ್ಯಾಯವಾದ ಪ್ರಶ್ನೆ. ಈ ಮಿಶ್ರಣ ಒದ್ದೆಯಾದಾಗ ಲೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ ತೂಗುತ್ತದೆ. ಹತ್ತು ಚೀಲ ಸೇರಿ 220 ಕೆಜಿ. ಓಡಾಡಲು ಅನುವಾಗಿ ಕಟ್ಟಿದ ತಾರಸಿಗೆ ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 150 ಕೆಜಿ ಹೊರೆ ಲೆಕ್ಕ ಹಿಡಿದಿರುತ್ತಾರೆ. ಚೀಲಗಳನ್ನು ಒಂದಕ್ಕೊಂದು ತಾಗಿಸಿ ತಾರಸಿಯ ನಡುವೆ ಗುಂಪಾಗಿಟ್ಟರೆ ಆ ಮಿತಿ ದಾಟುತ್ತದೆ. ಒಂದು ಅಡಿಯ ಅಂತರ ಬಿಟ್ಟು, ಗೋಡೆಯಿರುವ ಅಂಚಿನುದ್ದಕ್ಕೂ ಸಾಲಾಗಿಟ್ಟರೆ ಹೊರೆ ಹರಡಿಕೊಳ್ಳುತ್ತದೆ. ಹಳೆಯ ಮದ್ರಾಸ್ ತಾರಸಿಯ ಮನೆ, ಈಗಾಗಲೇ ಸೋರುವ ಮನೆ, ಶೀಟಿನ ಮೇಲಂತಸ್ತು ಇಂಥಲ್ಲಿ ಎಂಜಿನಿಯರರನ್ನು ಕೇಳದೆ ಶುರು ಮಾಡಬೇಡಿ. ಪ್ರತಿ ಚೀಲವನ್ನೂ ಎರಡು ಮೂರು ಇಟ್ಟಿಗೆಯ ಮೇಲಿಡಿ. ತಳದ ತೂತು ಮುಚ್ಚುವುದಿಲ್ಲ, ಅಡಿಯಲ್ಲಿ ನೆಲ ಒಣಗುತ್ತದೆ, ಮಳೆನೀರು ಮೋರಿಯ ಕಡೆಗೆ ಹರಿದುಹೋಗಲು ದಾರಿಯಿರುತ್ತದೆ.

ಯಾವ ಬೆಳೆ ಎಂದರೆ, ಮೊದಲ ಸಲಕ್ಕೆ ನಾನು ನಾಲ್ಕನ್ನೇ ಹೇಳುತ್ತೇನೆ: ಹರಿವೆ, ಮೆಂತ್ಯ, ಬೆಂಡೆ, ಬದನೆ. ಟೊಮೆಟೊ ಎಲ್ಲರ ಆಸೆ. ಆದರೆ ಬಿಳಿನೊಣ ತರುವ ಎಲೆ ಮುರುಟು ರೋಗ, ಮಳೆಗಾಲದ ಅಂಗಮಾರಿ, ಆಸರೆ ಕೋಲು ಇವುಗಳ ನಡುವೆ ಹೊಸಬರು ಸೋಲುವುದು ಅದರಲ್ಲೇ. ಎರಡನೇ ಹಂಗಾಮಿಗೆ ಇಟ್ಟುಕೊಳ್ಳಿ. ಕೋಸು, ಹೂಕೋಸು ತಿಂಗಳುಗಟ್ಟಲೆ ಜಾಗ ಹಿಡಿದು ಒಂದೇ ಸಲ ಕೊಡುತ್ತವೆ.

ಎರಡು ಅಗಲದ ಚೀಲಗಳಲ್ಲಿ ಒಂದಕ್ಕೆ ಹರಿವೆ. ಅದರ ಬೀಜ ಸಾಸಿವೆಗಿಂತ ಸಣ್ಣದು, ಬರಿಗೈಯಲ್ಲಿ ಉದುರಿಸಿದರೆ ಒಂದೇ ಕಡೆ ಬೀಳುತ್ತದೆ. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ ಉದುರಿಸಿ, ಮೇಲೆ ತೆಳ್ಳಗೆ ಗೊಬ್ಬರ ಮುಚ್ಚಿ, ಕೈಯಿಂದ ನೀರು ಚಿಮುಕಿಸಿ. ನಾಲ್ಕೈದು ದಿನಕ್ಕೆ ಮೊಳಕೆ ಬರುತ್ತದೆ. ಎರಡು ವಾರ ಕಳೆದ ಮೇಲೆ ಒತ್ತೊತ್ತಾಗಿರುವ ಸಸಿಗಳನ್ನು ಬೇರುಸಹಿತ ಕಿತ್ತು ಸಾರಿಗೆ ಹಾಕಿ. ಉಳಿದವಕ್ಕೆ ಮೂರು ನಾಲ್ಕು ಇಂಚು ಜಾಗ ಸಿಕ್ಕಿದರೆ ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯನ್ನು ಬುಡದಿಂದ ಮೇಲೆ ಕತ್ತರಿಸುತ್ತ ಹಲವು ಸಲ ಕೊಯ್ಯಬಹುದು. ಇನ್ನೊಂದು ಚೀಲಕ್ಕೆ ಮೆಂತ್ಯ. ಅಡುಗೆಮನೆಯ ಡಬ್ಬಿಯದ್ದೇ ಆದೀತು. ರಾತ್ರಿ ನೆನೆಸಿ ಬಿತ್ತಿದರೆ ಮೂರು ನಾಲ್ಕು ದಿನಕ್ಕೆ ಮೊಳೆಯುತ್ತದೆ, ಮೂರು ನಾಲ್ಕು ವಾರಕ್ಕೆ ಸೊಪ್ಪು. ಸೊಪ್ಪಿಗೆ ದಿನಕ್ಕೆ ಮೂರು ನಾಲ್ಕು ಗಂಟೆ ಬಿಸಿಲು ಸಾಕು, ಕಾಯಿ ಬಿಡುವ ಬೆಳೆಗಳಿಗೆ ಆರು ಗಂಟೆ ಬೇಕು. ಬಿತ್ತಿದ ದಿನವೇ ಮೇಲೆ ಬಲೆ ಹೊದಿಸಿ. ಪಾರಿವಾಳಗಳ ಕಣ್ಣು ನಮ್ಮದಕ್ಕಿಂತ ಚುರುಕು.

ಐದು ಚೀಲಕ್ಕೆ ಬೆಂಡೆ, ಚೀಲಕ್ಕೊಂದೇ ಗಿಡ. ರಾತ್ರಿಯಿಡೀ ನೆನೆಸಿದ ಎರಡು ಬೀಜವನ್ನು ಅರ್ಧ ಇಂಚು ಆಳಕ್ಕೆ ಹಾಕಿ, ಎರಡೂ ಮೊಳೆತರೆ ಬಡವಾದದ್ದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ಬಿತ್ತಿದ ಏಳು ವಾರದ ಹೊತ್ತಿಗೆ ಕಾಯಿ ಶುರುವಾಗುತ್ತದೆ. ದಿನ ಬಿಟ್ಟು ದಿನ ಕೊಯ್ಯಲೇಬೇಕು. ಒಂದು ಕಾಯಿ ಬಲಿಯಲು ಬಿಟ್ಟರೂ ಗಿಡ ಬೀಜ ಕಟ್ಟುವ ಕಡೆ ಗಮನ ಹರಿಸಿ ಹೊಸ ಹೂವು ಕಡಿಮೆ ಮಾಡುತ್ತದೆ. ಐದು ಗಿಡದಿಂದ ಒಂದು ಕೊಯ್ಲಿಗೆ ಹಿಡಿಯಷ್ಟು ಕಾಯಿ ಸಿಗುತ್ತದೆ, ಎರಡು ಕೊಯ್ಲು ಸೇರಿಸಿಟ್ಟರೆ ಸಣ್ಣ ಸಂಸಾರಕ್ಕೆ ಒಂದು ಹೊತ್ತಿನ ಪಲ್ಯ. ಎಲೆಯ ನರಗಳು ಮಾತ್ರ ಬಲೆಯಂತೆ ಹಳದಿಯಾದರೆ ಅದು ನಂಜು ರೋಗ. ಆ ಗಿಡಕ್ಕೆ ಮದ್ದಿಲ್ಲ, ಕಿತ್ತು ಹೊರಗೆ ಹಾಕಿ. ಹೆಸರಘಟ್ಟದ್ದೇ ಆದ ಅರ್ಕಾ ಅನಾಮಿಕಾ ತಳಿಯನ್ನು ಈ ರೋಗ ತಡೆಯಲೆಂದೇ ಬೆಳೆಸಿದ್ದು.

ಉಳಿದ ಮೂರು ಚೀಲಕ್ಕೆ ಬದನೆ. ಬೀಜಕ್ಕಿಂತ ತಿಂಗಳ ಸಸಿ ತಂದು ನೆಡುವುದು ಸುಲಭ. ಸಂಜೆ ನೆಟ್ಟು ಎರಡು ದಿನ ನೆರಳು ಮಾಡಿ. ಎರಡು ತಿಂಗಳ ಮೇಲೆ ಕಾಯಿ ಬರುತ್ತದೆ. ಹಚ್ಚಗಿದ್ದ ಕುಡಿಯೊಂದು ಇದ್ದಕ್ಕಿದ್ದಂತೆ ಬಾಡಿ ತಲೆಬಾಗಿದರೆ ಒಳಗೆ ಕಾಂಡ ಕೊರೆಯುವ ಹುಳುವಿದೆ. ಬಾಡಿದ ಜಾಗಕ್ಕಿಂತ ಎರಡು ಇಂಚು ಕೆಳಗೆ ಕತ್ತರಿಸಿ, ಕುಡಿಯನ್ನು ತಾರಸಿಯಲ್ಲೇ ಬಿಸಾಡದೆ ಸುಟ್ಟೋ ಸೋಪಿನ ನೀರಲ್ಲಿ ಮುಳುಗಿಸಿಯೋ ನಾಶ ಮಾಡಿ. ಕಾಯಿ ಕಡಿಮೆಯಾದ ಮೇಲೆ ಗಿಡವನ್ನು ಬುಡದಿಂದ ಒಂದು ಅಡಿ ಬಿಟ್ಟು ಕತ್ತರಿಸಿ ಗೊಬ್ಬರ ಹಾಕಿದರೆ ಮತ್ತೆ ಚಿಗುರಿ ಕಾಯಿ ಬಿಡುತ್ತದೆ.

ನೀರಿಗೆ ಗಡಿಯಾರದ ಲೆಕ್ಕ ಬೇಡ. ಬೆರಳನ್ನು ಎರಡು ಗೆಣ್ಣು ಒಳಗಿಳಿಸಿ, ಒದ್ದೆ ತಾಗಿದರೆ ಆ ಹೊತ್ತು ನೀರು ಹಾಕಬೇಡಿ. ಬೇಸಿಗೆಯಲ್ಲಿ ಕಾಯಿ ಹೊತ್ತ ಬೆಂಡೆಗೆ ದಿನಕ್ಕೆ ಒಂದೂವರೆ ಲೀಟರಿನಷ್ಟು ಬೇಕಾಗುತ್ತದೆ. ಮೋಡದ ಜುಲೈನಲ್ಲಿ ಎರಡು ದಿನಕ್ಕೊಮ್ಮೆ ಹಾಕಿದರೂ ನಡೆದೀತು. ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಂತರೆ ಅದು ಬಿಸಿಲಿನ ಕೆಲಸ, ಗಾಬರಿ ಬೇಡ. ಮಣ್ಣು ಒದ್ದೆಯಿದ್ದೂ ಬೆಳಗ್ಗೆಯೇ ಬಾಡಿದ್ದರೆ ಬೇರು ಕೊಳೆಯುತ್ತಿರಬಹುದು. ಇನ್ನಷ್ಟು ನೀರು ಹಾಕುವುದು ಆಗ ಗಿಡಕ್ಕೆ ಮಾಡುವ ಅಪಕಾರ. ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ನೀರು ನಿಲ್ಲಿಸಿ ನೋಡಿ.

ಚೀಲದಿಂದ ಬಸಿದುಹೋಗುವ ನೀರಿನ ಜೊತೆ ಆಹಾರವೂ ಹೋಗುತ್ತದೆ. ಐದಾರು ವಾರದ ಮೇಲೆ ಬುಡದ ಹಳೆಯ ಎಲೆಗಳು ಇಡೀ ಎಲೆ ಒಂದೇ ಸಮನಾಗಿ ಪೇಲವವಾಗತೊಡಗಿದರೆ ಸಾರಜನಕ ತೀರುತ್ತಿದೆ ಎಂದು ತಿಳಿಯಿರಿ. ಅದಕ್ಕೆ ಕಾಯದೆ ತಿಂಗಳಾದ ಮೇಲೆ ಹದಿನೈದು ದಿನಕ್ಕೊಮ್ಮೆ ಚೀಲಕ್ಕೆ ಎರಡು ಹಿಡಿ ಎರೆಗೊಬ್ಬರವನ್ನು ಕಾಂಡದಿಂದ ದೂರಕ್ಕೆ, ಅಂಚಿನ ಸುತ್ತ ಹಾಕಿ ಮಣ್ಣಿಗೆ ಬೆರೆಸಿ. ಗಿಡಹೇನು, ಹಿಟ್ಟುತಿಗಣೆ ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಕಿ, ಸಂಜೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಿ. ಹುಳುಗಳು ಕೂರುವುದೇ ಅಲ್ಲಿ.

ಇದೆಲ್ಲ ಬೆಂಗಳೂರು, ಮೈಸೂರಿನ ಹವೆಗೆ ಹೊಂದುವ ಮಾತು. ಇಲ್ಲಿ ಜೂನ್ ಮತ್ತು ಅಕ್ಟೋಬರ್ ಶುರು ಮಾಡಲು ಒಳ್ಳೆಯ ತಿಂಗಳುಗಳು. ಕಲಬುರಗಿ, ರಾಯಚೂರಿನವರು ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ನೆರಳಿನ ಹಸಿರು ಬಲೆಯಿಲ್ಲದೆ ಬೆಳೆಯಲಾಗದು. ಕರಾವಳಿಯ ಮಳೆಗಾಲದಲ್ಲಿ ಮಣ್ಣಿನ ಪಾಲು ಕಡಿಮೆ ಮಾಡಿ ದಪ್ಪ ಮರಳು ಹೆಚ್ಚಿಸಿ, ಬಸಳೆಯಂಥ ಗಟ್ಟಿ ಬೆಳೆಗಳನ್ನು ನೆಚ್ಚಿಕೊಳ್ಳುವುದು ಜಾಣತನ.

ಬೆಂಡೆ ಮುಗಿದ ಮೇಲೆ ಮಣ್ಣನ್ನು ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಮ್ಮೆ ಬೆಳೆ ಕೊಟ್ಟ ಮಿಶ್ರಣ ಕೆಟ್ಟಿರುವುದಿಲ್ಲ, ಇಂಚುಗಟ್ಟಲೆ ಕುಗ್ಗಿರುತ್ತದೆ, ಆಹಾರ ಕಳೆದುಕೊಂಡಿರುತ್ತದೆ ಅಷ್ಟೆ. ಚೀಲ ಬೋರಲು ಹಾಕಿ ದಪ್ಪ ಬೇರುಗಳನ್ನು ಆರಿಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾಗಿ ಹರಡಿ ಒಂದು ವಾರ ಬಿಸಿಲಿಗೆ ಬಿಡಿ. ನಾಲ್ಕು ಪಾಲು ಹಳೆ ಮಿಶ್ರಣಕ್ಕೆ ಒಂದು ಪಾಲು ಹೊಸ ಗೊಬ್ಬರ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿ ಮತ್ತೆ ತುಂಬಿ. ಗಿಡ ರೋಗದಿಂದ ಬಾಡಿ ಸತ್ತಿದ್ದ ಚೀಲದ ಮಣ್ಣನ್ನು ಮಾತ್ರ ಇದರಲ್ಲಿ ಬೆರೆಸಬೇಡಿ. ಬೆಂಡೆ ಇದ್ದ ಚೀಲಕ್ಕೆ ಗಿಡ ಬೀನ್ಸ್ ಹಾಕಿದರೆ ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುವುದರಿಂದ ಗೊಬ್ಬರದ ಖರ್ಚೂ ಕಡಿಮೆಯಾಗುತ್ತದೆ. ಬದನೆ ಇದ್ದ ಚೀಲಕ್ಕೆ ಮಾತ್ರ ಮುಂದಿನ ಸಲ ಟೊಮೆಟೊ, ಮೆಣಸಿನಕಾಯಿ ಬೇಡ. ಮೂರೂ ಒಂದೇ ಕುಲದವು, ಒಂದರ ರೋಗ ಇನ್ನೊಂದಕ್ಕೆ ಕಾದು ಕೂತಿರುತ್ತದೆ. ಅಲ್ಲಿ ಒಂದು ಸುತ್ತು ಸೊಪ್ಪು ಬೆಳೆದುಕೊಳ್ಳಿ.